ಕುಡುತ ಸಾರು ಮತ್ತು ನಾಲ್ಕು ಮಿಲಿಮೀಟರ್ ಕಲ್ಲು

ಕಳೆದ ಮಳೆಗಾಲದಲ್ಲಿ ಮಲ್ಪೆ ಕಡೆಯ ರಿಕ್ಷಾ ಚಾಲಕರೊಬ್ಬರು ಸ್ಕ್ಯಾನ್ ರಿಪೋರ್ಟ್ ಹಿಡಿದು ಬಂದರು. ಕಿಡ್ನಿಯಲ್ಲಿ 4 ಮಿ.ಮೀ. ಕಲ್ಲು. "ಮೇಡಂ, ಒಂದು ತಿಂಗಳಿಂದ ದಿನಾ ಎರಡು ಲೋಟ ಕುಡುತ ಸಾರು ಕುಡೀತಿದ್ದೇನೆ. ಕಲ್ಲು ಹಾಗೇ ಉಂಟು, ಹೊಟ್ಟೆ ಮಾತ್ರ ಡೋಲಿನ ಹಾಗೆ ಉಬ್ಬಿದೆ" ಎಂದರು. ಕುಡು ಅಂದರೆ ತುಳುವಿನಲ್ಲಿ ಹುರುಳಿ. ನೀರು ಎಷ್ಟು ಕುಡೀತೀರಿ ಅಂತ ಕೇಳಿದೆ. ಬಾಡಿಗೆಯ ಮಧ್ಯೆ ಮೂತ್ರಕ್ಕೆ ಹೋಗುವುದು ಕಷ್ಟ, ಹಾಗಾಗಿ ದಿನಕ್ಕೆ ಒಂದೇ ಬಾಟಲಿ. ಸಾರಿಗೆ ಉಪ್ಪು ಮಾತ್ರ ಜಾಸ್ತಿ.

ಹುರುಳಿ ಕಲ್ಲನ್ನು ಕರಗಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಸಣ್ಣ ಕಲ್ಲು ಹೆಚ್ಚಾಗಿ ತಾನಾಗಿಯೇ ಜಾರಿ ಹೋಗುತ್ತದೆ. ಕಲ್ಲು ಬೆಳೆಯದಿರಲು, ಹೊಸದು ಆಗದಿರಲು ಮೂತ್ರ ತೆಳ್ಳಗಿರಬೇಕು, ದಿನಕ್ಕೆ ಎರಡೂವರೆ ಲೀಟರಿನಷ್ಟು ಹೋಗಬೇಕು. ಸಾರು ಒಳ್ಳೆಯದು ಮಾಡುವುದು ಅದರೊಳಗಿನ ನೀರಿನಿಂದ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಆಗ ಮಾಡಿದ್ದೆಲ್ಲಾ ಉಲ್ಟಾ.

ಹೊಟ್ಟೆ ಉಬ್ಬಿದ್ದಕ್ಕೆ ಕಾರಣ ಅಡುಗೆಯಲ್ಲಿತ್ತು. ಅವರ ಮನೆಯಲ್ಲಿ ನೆನೆಸದೆ, ತೊಳೆದ ತಕ್ಷಣ ಕುಕ್ಕರಿಗೆ ಹಾಕುತ್ತಿದ್ದರು. ಅರ್ಧ ಕಪ್ ಹುರುಳಿಯನ್ನು ಮೊದಲು ಮೊರದಲ್ಲಿ ಹರಡಿ ಆರಿಸಿ. ಕಿಡ್ನಿ ಕಲ್ಲಿನ ಮದ್ದಿನಲ್ಲೇ ಕಲ್ಲು ಸಿಗುತ್ತದೆ! ಎಂಟು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ. ಗ್ಯಾಸ್ ಮಾಡುವ ಸಕ್ಕರೆಗಳಲ್ಲಿ ಒಂದಷ್ಟು ಅದರೊಂದಿಗೆ ಹೋಗುತ್ತವೆ. ಐದು ಕಪ್ ಹೊಸ ನೀರಿಟ್ಟು ಏಳೆಂಟು ವಿಷಲ್ ಕೂಗಿಸಿ. ಬೆರಳಲ್ಲಿ ಒತ್ತಿದರೆ ಕಾಳು ಮೆತ್ತಗೆ ಹಿಸುಕಿ ಹೋಗಬೇಕು. ಗಟ್ಟಿ ಉಳಿದರೆ ಇನ್ನೆರಡು ವಿಷಲ್. ಕಟ್ಟು ಬಸಿದು, ಒಂದು ಹಿಡಿ ಕಾಳನ್ನು ಅರೆದು ಅದಕ್ಕೇ ಸೇರಿಸಿ. ಸ್ವಲ್ಪ ಹುಣಸೆ ರಸ, ಜಜ್ಜಿದ ಕರಿಮೆಣಸು, ಚಿಟಿಕೆ ಉಪ್ಪು ಹಾಕಿ ಕುದಿಸಿ. ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವವರೆಗೆ ಹುರಿದು ಒಗ್ಗರಣೆ ಕೊಡಿ.

ಶೀತಕ್ಕೆ ಈ ಬಿಸಿಸಾರು ಹಿತ. ಹಬೆ ಮೂಗು ಬಿಡಿಸುತ್ತದೆ, ಮೆಣಸು ಗಂಟಲು ಬೆಚ್ಚಗಿಡುತ್ತದೆ. ಶೀತ ಹೋಗುವುದು ಮಾತ್ರ ಅದರ ಪಾಡಿಗೇ.

ತೂಕ ಇಳಿಸಲೆಂದು ಈ ಸಾರು ಕುಡಿಯುವವರು ಎಡವುವುದು ಕಾಳನ್ನು ಬಿಟ್ಟು ಬರೀ ಕಟ್ಟು ಕುಡಿಯುವಲ್ಲಿ. ಪ್ರೋಟೀನ್, ನಾರು ಇರುವುದು ಕಾಳಿನಲ್ಲಿ. ಉಳಿದ ಕಾಳಿಗೆ ತೆಂಗಿನತುರಿ ಹಾಕಿ ಪಲ್ಯ ಮಾಡಿ, ತಟ್ಟೆಯ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ. ಅನ್ನ ಅಷ್ಟೇ ಇದ್ದರೆ ತೂಕ ಯಾಕೆ ಇಳಿಯಬೇಕು, ಅಲ್ವಾ? ಕಂಬಳದ ಕೋಣಗಳಿಗೂ ಹುರುಳಿ ಕೊಡುತ್ತಾರೆ, ಅವೇನು ಸಣ್ಣಗಿರುವುದಿಲ್ಲ.

ಗ್ಯಾಸ್, ಎಸಿಡಿಟಿ ಇರುವವರು ವಾರಕ್ಕೆ ಎರಡು ದಿನ, ಅರ್ಧ ಲೋಟದಿಂದ ಶುರು ಮಾಡಿ. ಕಿಡ್ನಿ ದುರ್ಬಲವಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿರುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ. ಪ್ರೋಟೀನ್, ಪೊಟ್ಯಾಸಿಯಂ ಎರಡೂ ಅವರಿಗೆ ಲೆಕ್ಕದ್ದು. ಕಲ್ಲಿನ ನೋವಿನೊಟ್ಟಿಗೆ ಜ್ವರ ಬಂದರೆ, ಮೂತ್ರ ನಿಂತರೆ, ಸಾರಿನ ಪಾತ್ರೆ ಕೆಳಗಿಟ್ಟು ಆಸ್ಪತ್ರೆಗೆ ಹೊರಡಿ.

ಚಾಲಕರು ರಿಕ್ಷಾದಲ್ಲಿ ಎರಡು ದೊಡ್ಡ ಬಾಟಲಿ ಇಟ್ಟುಕೊಂಡರು, ಸಾರು ವಾರಕ್ಕೆ ಮೂರು ದಿನ. ಆರು ವಾರದ ಮೇಲಿನ ಸ್ಕ್ಯಾನಿನಲ್ಲಿ ಕಲ್ಲಿರಲಿಲ್ಲ. ಹೋಗಿದ್ದು ನೀರಿನಿಂದ ಅಂತ ನಾನು, ಸಾರಿನಿಂದ ಅಂತ ಅವರ ಹೆಂಡತಿ.