ವಿಮಾನ ತಡವಾದರೆ ನಮಗೇನು ಸಿಗಬೇಕು? ನೋಟೀಸಿನಲ್ಲಿ ಏನಿರಬೇಕು?

ಪ್ರಶ್ನೆ: ನಾವು ಬಳ್ಳಾರಿಯವರು. ಬೆಂಗಳೂರಿನಿಂದ ರಾತ್ರಿ 9.30ಕ್ಕೆ ದೆಹಲಿಗೆ ಹೊರಡಬೇಕಿದ್ದ ಮಗನ ವಿಮಾನ ಮೊದಲು 12.15ಕ್ಕೆ, ಆಮೇಲೆ ಬೆಳಗಿನ ಜಾವ 4 ಗಂಟೆಗೆ ಎಂದು ಸಂದೇಶ ಬಂದಿತು. ಎರಡರಲ್ಲೂ "ಕಾರ್ಯಾಚರಣೆಯ ಕಾರಣದಿಂದ ವಿಳಂಬ, ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಅರ್ಥದ ಇಂಗ್ಲಿಷ್ ಸಾಲು ಮಾತ್ರ ಇತ್ತು. ಅವನಿಗೆ ಏನೇನು ಸಿಗಬೇಕಿತ್ತು?

ಉತ್ತರ: ತಮ್ಮ ಮಗನ ಪ್ರಕರಣದಲ್ಲಿ ಎರಡು ಸಂದೇಶಗಳ ನಡುವೆ ಹಕ್ಕೇ ಬದಲಾಗಿದೆ, ಆದರೆ ಸಂದೇಶದ ಮಾತು ಬದಲಾಗಿಲ್ಲ. ನೋಟೀಸಿನ ದೋಷ ಇರುವುದು ಅಲ್ಲೇ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ, ಸಮಯಕ್ಕೆ ಚೆಕ್‌-ಇನ್ ಮಾಡಿದ ಪ್ರಯಾಣಿಕನಿಗೆ ಉಚಿತ ಊಟ-ಉಪಾಹಾರ ಯಾವಾಗ ಸಿಗುತ್ತದೆ ಎಂಬುದು ಪ್ರಯಾಣದ ಅವಧಿಯನ್ನು ಅವಲಂಬಿಸಿದೆ. ಎರಡೂವರೆ ಗಂಟೆಯವರೆಗಿನ ಪ್ರಯಾಣವಾದರೆ 2 ಗಂಟೆ ತಡವಾದರೂ ಸಾಕು. ಎರಡೂವರೆಯಿಂದ ಐದು ಗಂಟೆಯ ಪ್ರಯಾಣಕ್ಕೆ 3 ಗಂಟೆ, ಅದಕ್ಕಿಂತ ದೀರ್ಘವಾದುದಕ್ಕೆ 4 ಗಂಟೆ ತಡವಾಗಬೇಕು. ಬೆಂಗಳೂರು–ದೆಹಲಿ ಪ್ರಯಾಣ ವೇಳಾಪಟ್ಟಿಯಲ್ಲಿ ಎರಡೂವರೆ ಗಂಟೆ ಮೀರುವುದರಿಂದ ಇಲ್ಲಿ ಲೆಕ್ಕ 3 ಗಂಟೆಯದು. ಮೊದಲ ಸಂದೇಶದ ವಿಳಂಬ ಎರಡೂ ಮುಕ್ಕಾಲು ಗಂಟೆಯದಾದ್ದರಿಂದ ಊಟದ ಹಕ್ಕು ಇನ್ನೂ ಹುಟ್ಟಿರಲಿಲ್ಲ. ಹೈದರಾಬಾದಿಗೆ ಹೊರಟಿದ್ದರೆ ಅಷ್ಟೇ ತಡಕ್ಕೆ ಊಟ ಸಿಗುತ್ತಿತ್ತು.

ಎರಡನೆಯ ಸಂದೇಶದೊಂದಿಗೆ ವಿಳಂಬ ಆರೂವರೆ ಗಂಟೆಯಾಯಿತು. ಆಗ ಊಟವಂತೂ ಸರಿ, ದೇಶದೊಳಗಿನ ವಿಮಾನ ಆರು ಗಂಟೆಗೂ ಹೆಚ್ಚು ತಡವಾಗುವುದಾದರೆ ಆರು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಅಥವಾ ಪೂರ್ತಿ ಟಿಕೆಟ್ ಹಣ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವನ್ನು ಸಂಸ್ಥೆ ಕೊಡಬೇಕು. ಇದರ ಜೊತೆಗೆ, ನಿಗದಿತ ಹೊರಡುವ ಸಮಯ ರಾತ್ರಿ 8ರಿಂದ 3 ಗಂಟೆಯೊಳಗಿದ್ದು ತಡ ಆರು ಗಂಟೆ ಮೀರಿದರೆ ಉಚಿತ ಹೋಟೆಲ್ ಕೋಣೆಯೂ ಸಿಗಬೇಕು. 9.30ರ ವಿಮಾನಕ್ಕೆ ಇದು ಅನ್ವಯಿಸುತ್ತದೆ. ಅದೇ ವಿಮಾನ ಮಧ್ಯಾಹ್ನದ್ದಾಗಿದ್ದರೆ ಹೋಟೆಲಿಗೆ ತಡ 24 ಗಂಟೆ ಮೀರಬೇಕಿತ್ತು. ಆದರೆ ಬರಿಯ ವಿಳಂಬಕ್ಕೆ ನಗದು ಪರಿಹಾರವಿಲ್ಲ. ಜನ ಕೇಳಿರುವ 5,000ದಿಂದ 10,000 ರೂಪಾಯಿವರೆಗಿನ ಮೊತ್ತಗಳು ವಿಮಾನ ರದ್ದಾದಾಗಿನವು.

ಇದಕ್ಕೆಲ್ಲ ಒಂದು ಷರತ್ತಿದೆ. ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆಯಂಥ ಸಂಸ್ಥೆಯ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಊಟ, ಹೋಟೆಲುಗಳ ಹೊಣೆಯಿಂದ ಸಂಸ್ಥೆ ತಪ್ಪಿಸಿಕೊಳ್ಳಬಹುದು. "ಕಾರ್ಯಾಚರಣೆಯ ಕಾರಣ" ಎಂಬ ಪದ ಹವಾಮಾನವನ್ನೂ, ಸಿಬ್ಬಂದಿ ಬಾರದಿರುವುದನ್ನೂ, ಯಂತ್ರದೋಷವನ್ನೂ ಒಂದೇ ಗೋಣಿಚೀಲಕ್ಕೆ ತುಂಬುವುದರಿಂದ, ಹಕ್ಕು ಇದೆಯೋ ಇಲ್ಲವೋ ಎಂಬುದೇ ಪ್ರಯಾಣಿಕನಿಗೆ ತಿಳಿಯದಂತಾಗುತ್ತದೆ. ನನ್ನ ದೃಷ್ಟಿಯಲ್ಲಿ ನೋಟೀಸಿನಲ್ಲಿ ಮೊದಲು ತಿದ್ದಬೇಕಾದ ಪದ ಇದು. ವಿಷಾದದ ಸಾಲು ಇಲ್ಲದಿದ್ದರೂ ನಡೆಯುತ್ತದೆ. ಎರಡನೆಯ ಸಂದೇಶವನ್ನು ನಾನು ಹೀಗೆ ಬರೆಯುತ್ತಿದ್ದೆ:

"ದೆಹಲಿಗೆ ರಾತ್ರಿ 9.30ಕ್ಕೆ ಹೊರಡಬೇಕಿದ್ದ ನಿಮ್ಮ ವಿಮಾನ ಬೆಳಗಿನ ಜಾವ 4.00ಕ್ಕೆ ಹೊರಡಲಿದೆ, ತಡ ಆರೂವರೆ ಗಂಟೆ. ಕಾರಣ: ವಿಮಾನದ ಬ್ರೇಕ್ ದುರಸ್ತಿ. ಊಟದ ಕೂಪನ್ ಮತ್ತು ಹೋಟೆಲ್ ಕೋಣೆಗಾಗಿ ಈ ಸಂದೇಶವನ್ನೂ ಬೋರ್ಡಿಂಗ್ ಪಾಸನ್ನೂ ನಮ್ಮ ಕೌಂಟರಿನಲ್ಲಿ ತೋರಿಸಿ. ಈ ವಿಮಾನ ಬೇಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣವನ್ನು ಅಲ್ಲಿಯೇ ಕೇಳಿ. ಕೌಂಟರಿನಲ್ಲಿ ನಿರಾಕರಿಸಿದರೆ ದೂರು ಕೊಡಬೇಕಾದ ನೋಡಲ್ ಅಧಿಕಾರಿಯ ಸಂಪರ್ಕ ನಮ್ಮ ಜಾಲತಾಣದಲ್ಲಿದೆ."

ಬ್ರೇಕ್ ಎಂಬುದು ಇಲ್ಲಿ ಉದಾಹರಣೆ ಮಾತ್ರ. ನಿಜವಾದ ಕಾರಣವನ್ನೇ ಬರೆಯಬೇಕು. ನೋಟೀಸು ಹೀಗಿಲ್ಲದಿದ್ದರೆ ತಾವೇ ಕೌಂಟರಿನಲ್ಲಿ ಕಾರಣವನ್ನು ಬರೆದು ಕೊಡುವಂತೆ ಕೇಳಿ. ಕೊಡದಿದ್ದರೆ ಕೇಳಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಎರಡೂ ಸಂದೇಶಗಳು, ಬೋರ್ಡಿಂಗ್ ಪಾಸು ಮತ್ತು ಊಟಕ್ಕೆ ಸ್ವಂತ ಹಣ ಕೊಟ್ಟಿದ್ದರೆ ಅದರ ಬಿಲ್ಲು ಒಟ್ಟಿಗಿರಲಿ. ಮೊದಲು ಸಂಸ್ಥೆಯ ನೋಡಲ್ ಅಧಿಕಾರಿಗೆ ಬರೆದು, ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿ. ಟಿಕೆಟನ್ನು ಬಳ್ಳಾರಿಯ ಏಜೆಂಟರು ಮಾಡಿಸಿದ್ದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದ್ದೇ, ಏಜೆಂಟರನ್ನು ಕೇಳಿ ಎಂಬ ಉತ್ತರಕ್ಕೆ ಒಪ್ಪಬೇಕಾಗಿಲ್ಲ.

ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಹೀಗಾಗಿ ಮಗ ಬಳ್ಳಾರಿಯ ನಿವಾಸಿಯಾಗಿದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ.