ಕೊನೆಯ ಸುತ್ತಿನ ಪಂದ್ಯ: ಅಂದಾಜನ್ನು ಎಷ್ಟು ಸರಿಸಬೇಕು?

ಫುಟ್‌ಬಾಲ್ ಲೀಗಿನ ಕೊನೆಯ ವಾರ ಎಂದುಕೊಳ್ಳಿ. ‘ಅ’ ತಂಡ ಗೆದ್ದರೂ ಸೋತರೂ ಅದರ ಸ್ಥಾನ ಬದಲಾಗುವುದಿಲ್ಲ. ಅದಕ್ಕೆ ಇದು ಬರೀ ಔಪಚಾರಿಕ ಪಂದ್ಯ. ‘ಬ’ ತಂಡ ಮಾತ್ರ ಗೆಲ್ಲದಿದ್ದರೆ ಕೆಳಗಿನ ಲೀಗಿಗೆ ಇಳಿಯುತ್ತದೆ. ಇಂಥ ಕಡೆ ಮನಸ್ಸು ತಾನಾಗಿ ‘ಬ’ ಕಡೆಗೆ ವಾಲುತ್ತದೆ, ಅಲ್ವಾ? ನಾನೂ ಮೊದಮೊದಲು ‘ಬ’ ಗೆಲ್ಲುವ ಸಾಧ್ಯತೆಗೆ ನೂರಕ್ಕೆ ಹದಿನೈದರಷ್ಟು ಸುಮ್ನೆ ಸೇರಿಸಿಬಿಡುತ್ತಿದ್ದೆ. ಅದು ಜಾಸ್ತಿ. ಯಾಕೆ ಅನ್ನುವುದನ್ನು ಒಂದು ಲೆಕ್ಕ ಮಾಡಿ ನೋಡೋಣ.

ಮೊದಲು ಒಂದು ಮಾತು. ‘ಬ’ ತಂಡಕ್ಕೆ ಗೆಲುವು ಅಷ್ಟು ಅಗತ್ಯ ಆಗಿರುವುದು ಅದು ವರ್ಷವಿಡೀ ಸೋತಿದ್ದರಿಂದ. ಗೆಲ್ಲಲೇಬೇಕು ಅನ್ನುವ ಹಸಿವು ಅದರ ಡಿಫೆನ್ಸನ್ನು ಒಂದೇ ವಾರದಲ್ಲಿ ಗಟ್ಟಿ ಮಾಡುವುದಿಲ್ಲ. ಇತ್ತ ‘ಅ’ ತಂಡದವರೂ ಬೇಕೆಂದೇ ಸೋಲಲು ಬರುವುದಿಲ್ಲ. 2022ರ ಮೇ 22ರಂದು ಪ್ರೀಮಿಯರ್ ಲೀಗಿನ ಕೊನೆಯ ದಿನ ಆಸ್ಟನ್ ವಿಲ್ಲಾಗೆ ಗಳಿಸುವುದು ಏನೂ ಉಳಿದಿರಲಿಲ್ಲ. ಆದರೂ ಪ್ರಶಸ್ತಿಗಾಗಿ ಆಡುತ್ತಿದ್ದ ಮ್ಯಾಂಚೆಸ್ಟರ್ ಸಿಟಿ ಎದುರು ಅವರ ಮೈದಾನದಲ್ಲೇ 76ನೇ ನಿಮಿಷದವರೆಗೂ 2-0 ಮುಂದಿತ್ತು. ಕೊನೆಗೆ ಸಿಟಿ 3-2ರಿಂದ ಗೆದ್ದಿತು.

ನಿಜವಾಗಿ ಬದಲಾಗುವುದು, ಕಣ್ಣಿಗೆ ಕಾಣುವುದು, ಆಡುವ ಹನ್ನೊಂದು ಮಂದಿ. 2022ರ ವಿಶ್ವಕಪ್‌ನಲ್ಲಿ ಮೊದಲ ಎರಡು ಪಂದ್ಯ ಗೆದ್ದು ಮುಂದಿನ ಹಂತಕ್ಕೆ ಹೋಗಿಯಾಗಿದ್ದ ಫ್ರಾನ್ಸ್, ಟ್ಯುನೀಷಿಯಾ ಎದುರು ಒಂಬತ್ತು ಬದಲಾವಣೆ ಮಾಡಿತು. ಎಂಬಾಪೆ, ಗ್ರೀಜ್‌ಮನ್ ಬೆಂಚಿನಲ್ಲಿದ್ದರು. ಫ್ರಾನ್ಸ್ 1-0ರಿಂದ ಸೋತಿತು. ಇದನ್ನು ‘ಛಲ ಇರಲಿಲ್ಲ’ ಅನ್ನುವುದಕ್ಕಿಂತ ‘ಬೇರೆಯೇ ತಂಡ ಆಡಿತು’ ಅಂದರೆ ಸರಿ.

ಈಗ ಲೆಕ್ಕ. ವರ್ಷದ ಆಟ ನೋಡಿ ‘ಅ’ ಸರಾಸರಿ 1.6 ಗೋಲು, ‘ಬ’ 1.1 ಗೋಲು ಹೊಡೆಯಬಹುದು ಎಂದು ಇಟ್ಟುಕೊಳ್ಳೋಣ. ಸರಾಸರಿ ಗೋಲಿನಿಂದ ಫಲಿತಾಂಶದ ಸಾಧ್ಯತೆ ಹೇಳುವ ಪಾಯ್ಸಾನ್ ಸೂತ್ರಕ್ಕೆ ಹಾಕಿದರೆ ‘ಅ’ ಗೆಲುವು ನೂರಕ್ಕೆ 49, ಡ್ರಾ 25, ‘ಬ’ ಗೆಲುವು 26 ಬರುತ್ತದೆ. ಪಂದ್ಯಕ್ಕೆ ಸ್ವಲ್ಪ ಮುಂಚೆ ಲೈನಪ್ ಬಂತು. ‘ಅ’ ತಂಡದ ಮುಖ್ಯ ಸ್ಟ್ರೈಕರ್ ಇಲ್ಲ, ಒಬ್ಬ ಸೆಂಟರ್ ಬ್ಯಾಕ್ ಕೂಡ ಇಲ್ಲ. ಅವರ ಬದಲಿಗೆ ಬಂದವರೂ ಅದೇ ಮಟ್ಟದ ಲೀಗಿನ ಆಟಗಾರರೇ. ಆದ್ದರಿಂದ ಎರಡೂ ಕಡೆ ಒಂಬತ್ತು ಪರ್ಸೆಂಟ್‌ನಷ್ಟು ಸರಿಸಿದೆ: 1.6 ಇದ್ದದ್ದು 1.45, 1.1 ಇದ್ದದ್ದು 1.2. ಹೊಸ ಉತ್ತರ 43, 26, 31. ಇಬ್ಬರು ಮುಖ್ಯ ಆಟಗಾರರು ಹೊರಗಿದ್ದರೂ ‘ಬ’ ಗೆಲುವು ಏರಿದ್ದು ಐದೇ ಅಂಶ. ಲೈನಪ್ ಬದಲಾಗದೇ ಇದ್ದರೆ ನಾನು ಹಸಿವಿಗೆಂದು ಒಂದೆರಡು ಅಂಶಕ್ಕಿಂತ ಹೆಚ್ಚು ಕೊಡುವುದಿಲ್ಲ.

ಎಡವುವುದು ಇಲ್ಲಿ: ಒಂದೇ ಕಾರಣವನ್ನು ಎರಡು ಸಲ ಎಣಿಸುವುದು. ಒತ್ತೊತ್ತಾದ ವೇಳಾಪಟ್ಟಿಯನ್ನೇ ತೆಗೆದುಕೊಳ್ಳಿ. ಮೂರು ದಿನದ ಹಿಂದೆ ಆಡಿ ದಣಿದಿದ್ದಾರೆ ಎಂದು ಕೋಚ್ ಐವರನ್ನು ಕೂರಿಸಿದರೆ, ಆ ದಣಿವು ಲೈನಪ್‌ನಲ್ಲೇ ಸೇರಿಹೋಯಿತು. ಮೈದಾನಕ್ಕೆ ಇಳಿಯುವವರು ವಿಶ್ರಾಂತಿ ಪಡೆದವರು. ಅದರ ಮೇಲೆ ಮತ್ತೆ ದಣಿವಿನ ಕಡಿತ ಹಾಕಬಾರದು. ನಿಮ್ಮ ಮೂಲ ಅಂದಾಜು ಬೆಟ್ಟಿಂಗ್ ಮಾರುಕಟ್ಟೆಯ ದರ, ಅಂದರೆ ಆಡ್ಸ್‌ನಿಂದ ಬಂದಿದ್ದರೆ ಇನ್ನೂ ಹುಷಾರಾಗಿರಿ. ಅಂಕಪಟ್ಟಿ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ‘ಬ’ ತಂಡದ ಅಗತ್ಯ ಆ ಆಡ್ಸ್‌ನಲ್ಲಿ ಆಗಲೇ ಕೂತಿರುತ್ತದೆ. ಆಗ ಸರಿಸಬೇಕಾದದ್ದು ಬಹುತೇಕ ಸೊನ್ನೆ.

ನಮ್ಮ ತಿದ್ದುಪಡಿ ಸರಿಯೇ ಎಂದು ಪರೀಕ್ಷಿಸುವುದೂ ಸುಲಭ ಅಲ್ಲ. ಇಂಥ 40 ಪಂದ್ಯ ಬರೆದಿಟ್ಟುಕೊಂಡರೂ, 30 ಪರ್ಸೆಂಟ್ ಸಾಧ್ಯತೆಯ ಘಟನೆಗೆ ಏಳು ಅಂಶದಷ್ಟು ಏರುಪೇರು ಬರೀ ಅದೃಷ್ಟದಿಂದಲೇ ಆಗುತ್ತದೆ. ಐದು ಅಂಶದ ಪರಿಣಾಮ ಅದರೊಳಗೆ ಮುಚ್ಚಿಹೋಗುತ್ತದೆ. ಹಾಗಾಗಿ ಒಂದು ಸೀಸನ್ನಿನ ಕೊನೆಯ ವಾರ ನೋಡಿ ತಿದ್ದುಪಡಿಯನ್ನು ದೊಡ್ಡದು ಮಾಡಬೇಡಿ.

ದೊಡ್ಡದಾಗಿ ಸರಿಸಬೇಕಾದ ಸಂದರ್ಭ ಒಂದಿದೆ: ಒಂದೇ ಫಲಿತಾಂಶ ಇಬ್ಬರಿಗೂ ಸಾಕಾದಾಗ. 1982ರ ವಿಶ್ವಕಪ್‌ನಲ್ಲಿ ಗಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಒಂದು ಅಥವಾ ಎರಡು ಗೋಲಿನಿಂದ ಗೆದ್ದರೆ ಆಸ್ಟ್ರಿಯಾವೂ ಮುಂದೆ ಹೋಗುವಂತಿತ್ತು. ಮುಂದೆ ಹೋಗಲು ಅದೇ ಗುಂಪಿನಲ್ಲಿ ಪೈಪೋಟಿಯಲ್ಲಿದ್ದ ಅಲ್ಜೀರಿಯಾ ಹಿಂದಿನ ದಿನವೇ ತನ್ನ ಕೊನೆಯ ಪಂದ್ಯ ಮುಗಿಸಿತ್ತು. ಹತ್ತನೇ ನಿಮಿಷಕ್ಕೆ ಜರ್ಮನಿ ಗೋಲು ಹೊಡೆಯಿತು. ಆಮೇಲೆ ಎರಡೂ ಕಡೆಯವರು ಚೆಂಡನ್ನು ಸುಮ್ನೆ ಅತ್ತಿತ್ತ ತಳ್ಳುತ್ತಾ ಹೊತ್ತು ಕಳೆದರು. 1-0ಕ್ಕೇ ಪಂದ್ಯ ಮುಗಿದು ಅಲ್ಜೀರಿಯಾ ಹೊರಬಿತ್ತು. ಆ ಹತ್ತನೇ ನಿಮಿಷದ ನಂತರ 1.6, 1.1 ಥರದ ಸರಾಸರಿಗೆ ಅರ್ಥವೇ ಉಳಿದಿರಲಿಲ್ಲ. 1986ರಿಂದ ವಿಶ್ವಕಪ್ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಿರುವುದು ಇದೇ ಕಾರಣಕ್ಕೆ.