‘ದೊಡ್ಡ ನಮಸ್ಕಾರ’ ಹೊಗಳಿಕೆಯೋ, ದೂರೋ? ಒಂದು ಗ್ರಾಹಕ ವಿಮರ್ಶೆಯ ಅನುವಾದ

ಅಭ್ಯಾಸಕ್ಕಾಗಿ ನಾನೇ ಬರೆದ ಒಂದು ವಿಮರ್ಶೆ ಇದು. ಆನ್‌ಲೈನ್‌ನಲ್ಲಿ ಮಿಕ್ಸಿ ತರಿಸಿದವರು ಬರೆದದ್ದು ಅಂದುಕೊಳ್ಳಿ. ಇದನ್ನು ಇಂಗ್ಲಿಷ್‌ಗೆ ಅನುವಾದ ಮಾಡಬೇಕು, ಜೊತೆಗೆ ಇದು ಹೊಗಳಿಕೆಯೋ, ದೂರೋ, ವ್ಯಂಗ್ಯವೋ ಎಂದು ತೀರ್ಮಾನಿಸಿ ಹಣೆಪಟ್ಟಿ ಹಚ್ಚಬೇಕು.

“ಅಬ್ಬಾ, ಎಂಥಾ ಫಾಸ್ಟ್ ಡೆಲಿವರಿ! ಎರಡು ದಿನ ಅಂದವರು ಹನ್ನೊಂದನೇ ದಿನ ದಯಮಾಡಿಸಿದರು. ದೊಡ್ಡ ಜಾರಿನ ಮುಚ್ಚಳ ಒಡೆದು ಕೊಟ್ಟಿದ್ದಾರೆ. ವಾಪಸ್ ತಗೊಳ್ಳೋಕೆ 150 ರೂಪಾಯಿ ಬೇರೆ ಕೇಳ್ತಾರೆ. ಮಿಕ್ಸಿ ಮಾತ್ರ ಚೆನ್ನಾಗಿದೆ, ದೋಸೆ ಹಿಟ್ಟು ನುಣ್ಣಗೆ ಆಗುತ್ತೆ. ನಿಮ್ಮ ಸೇವೆಗೆ ದೊಡ್ಡ ನಮಸ್ಕಾರ.”

ಮೊದಲು ಅನುವಾದ ಮಾಡಿ, ಆಮೇಲೆ ಆ ಇಂಗ್ಲಿಷ್ ಓದಿ ತೀರ್ಮಾನ ಮಾಡಬೇಡಿ. ವ್ಯಂಗ್ಯದ ಗುರುತುಗಳೆಲ್ಲ ಕನ್ನಡದ ಸಣ್ಣ ಪದಗಳಲ್ಲಿವೆ. ಅನುವಾದದಲ್ಲಿ ಮೊದಲು ಉದುರುವುದೇ ಅವು. ಹಾಗಾಗಿ ಕನ್ನಡದಲ್ಲೇ ತೀರ್ಮಾನ ಮಾಡಿ, ಆ ಧ್ವನಿ ಉಳಿಯುವ ಇಂಗ್ಲಿಷ್ ಹುಡುಕಬೇಕು.

ಮೊದಲ ವಾಕ್ಯ ಒಂದನ್ನೇ ಓದಿದರೆ ಅದು ಹೊಗಳಿಕೆ. ಮುಂದಿನ ವಾಕ್ಯದ ಲೆಕ್ಕ ಅದನ್ನು ತಲೆಕೆಳಗು ಮಾಡುತ್ತದೆ: ಎರಡು ದಿನ ಎಂದದ್ದು ಹನ್ನೊಂದು ದಿನ ಆಗಿದೆ. ಅದರ ಜೊತೆಗೆ ‘ದಯಮಾಡಿಸಿದರು’ ಎಂಬ ಮಾತು ಬಂದಿದೆ. ಇದು ಮಠಾಧೀಶರಿಗೋ ಮದುವೆಗೆ ಬಂದ ಹಿರಿಯರಿಗೋ ಹೇಳುವ ಮಾತು. ಪಾರ್ಸೆಲ್ ತಂದವರಿಗೆ ಯಾರೂ ಹೀಗೆ ಹೇಳುವುದಿಲ್ಲ. ಸಂದರ್ಭಕ್ಕೆ ಮೀರಿದ ಮರ್ಯಾದೆ ಕಂಡರೆ ವ್ಯಂಗ್ಯವನ್ನು ಅನುಮಾನಿಸಿ. ಇಂಗ್ಲಿಷ್‌ನಲ್ಲಿ ‘ದೆ ಕೇಮ್’ ಎಂದರೆ ಸಪ್ಪೆಯಾಗುತ್ತದೆ. ‘ದೆ ಫೈನಲಿ ಡೇನ್ಡ್ ಟು ಶೋ ಅಪ್’ ಎಂದರೆ ಚುಚ್ಚು ಉಳಿಯುತ್ತದೆ.

ಮೂರನೇ ವಾಕ್ಯ ನನಗೆ ಎಲ್ಲಕ್ಕಿಂತ ಇಷ್ಟ. ಕನ್ನಡದಲ್ಲಿ ಕ್ರಿಯಾಪದದ ಬೆನ್ನಿಗೆ ‘ಕೊಡು’ ಸೇರಿದರೆ, ಕೆಲಸ ಇನ್ನೊಬ್ಬರ ಉಪಕಾರಕ್ಕೆ ಆಯಿತು ಎಂಬ ಅರ್ಥ ಬರುತ್ತದೆ. ‘ಅಂಗಡಿಯವರು ತೆಂಗಿನಕಾಯಿ ಒಡೆದು ಕೊಟ್ಟರು’ ಎಂದರೆ ನಿಜವಾದ ಸಹಾಯ. ಮಿಕ್ಸಿ ಮುಚ್ಚಳ ಒಡೆದರೆ ಯಾರಿಗೆ ಉಪಕಾರ? ಹಾನಿಯ ಕೆಲಸಕ್ಕೆ ಉಪಕಾರದ ‘ಕೊಡು’ ಅಂಟಿದೆ, ಅಲ್ಲೇ ವ್ಯಂಗ್ಯ ಹುಟ್ಟಿದೆ. ಇದೇ ಗ್ರಾಹಕ ‘ಒಡೆದು ಹಾಕಿದ್ದಾರೆ’ ಎಂದಿದ್ದರೆ ಅದು ನೇರ ದೂರು. ಒಂದೇ ಘಟನೆ, ಸಹಾಯಕ ಕ್ರಿಯಾಪದ ಮಾತ್ರ ಬೇರೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಸಮನಾದ ಕ್ರಿಯಾಪದ ಇಲ್ಲ, ‘ಕೈಂಡ್ಲಿ’ ಸೇರಿಸಬೇಕಾಗುತ್ತದೆ: ‘ದೆ ಕೈಂಡ್ಲಿ ಬ್ರೋಕ್ ದಿ ಲಿಡ್ ಫಾರ್ ಮಿ’.

150 ರೂಪಾಯಿಯ ವಾಕ್ಯದಲ್ಲಿ ವ್ಯಂಗ್ಯ ಇಲ್ಲ, ಸಿಟ್ಟಿನ ದೂರು ಅಷ್ಟೇ. ಇಲ್ಲಿನ ‘ಬೇರೆ’ ಎಂದರೆ ‘ಸಾಲದ್ದಕ್ಕೆ ಇದೊಂದು’ ಎಂದು. ‘ಅನದರ್’ ಎಂದು ಬರೆದರೆ ಮೊದಲೇ ಒಂದು 150 ಕೊಟ್ಟಿದ್ದಾರೆ ಅನ್ನಿಸಿಬಿಡುತ್ತದೆ. ‘ಆನ್ ಟಾಪ್ ಆಫ್ ದಟ್’ ಸರಿ.

ಈಗ ‘ಮಾತ್ರ’. ನಾನು ಕಲಿಯುವಾಗ ಇದನ್ನು ಸುಮ್ನೆ ‘ಓನ್ಲಿ’ ಎಂದು ಬರೆಯುತ್ತಿದ್ದೆ. ‘ಓನ್ಲಿ ದಿ ಮಿಕ್ಸರ್ ಈಸ್ ಗುಡ್’ ಎಂದರೆ ಹೊಗಳಿಕೆಯೂ ಗೊಣಗಾಟದಂತೆ ಕೇಳುತ್ತದೆ. ಇಲ್ಲಿ ‘ಮಾತ್ರ’ ಹಿಂದಿನ ಮಾತಿನಿಂದ ಈ ಮಾತನ್ನು ಬೇರೆ ಮಾಡುತ್ತಿದೆ: ಉಳಿದದ್ದು ಹೇಗೇ ಇರಲಿ, ಮಿಕ್ಸಿ ಒಳ್ಳೆಯದೇ. ‘ದಿ ಮಿಕ್ಸರ್ ಇಟ್ಸೆಲ್ಫ್ ಈಸ್ ಗುಡ್, ದೋ’ ಎನ್ನಬಹುದು. ಇದೂ ವ್ಯಂಗ್ಯ ಇರಬಹುದಾ ಎಂಬ ಅನುಮಾನ ಬಂದರೆ ಮುಂದಿನ ಮಾತು ನೋಡಿ. ಹಿಟ್ಟು ನುಣ್ಣಗೆ ಆಗುತ್ತದೆ ಎಂದು ಹೊಗಳಿಕೆಗೆ ಕಾರಣ ಕೊಟ್ಟಿದ್ದಾರೆ. ಡೆಲಿವರಿಯ ವಿಷಯದಲ್ಲಿ ವಿವರ ಹೊಗಳಿಕೆಯನ್ನು ಹೊಡೆದುಹಾಕಿತ್ತು, ಇಲ್ಲಿ ಅದಕ್ಕೆ ಆಧಾರ ಕೊಡುತ್ತಿದೆ. ಇದು ನಿಜವಾದ ಮೆಚ್ಚುಗೆ.

ಕೊನೆಯ ‘ದೊಡ್ಡ ನಮಸ್ಕಾರ’ ಎರಡೂ ಕಡೆ ನಡೆಯುವ ಮಾತು. ‘ಅಜ್ಜಿಯ ಕೈರುಚಿಗೆ ದೊಡ್ಡ ನಮಸ್ಕಾರ’ ಎಂದರೆ ಗೌರವ. ಒಡೆದ ಮುಚ್ಚಳದ ನಂತರ ಬಂದರೆ ‘ನಿಮ್ಮ ಸಹವಾಸ ಸಾಕು’ ಎಂದರ್ಥ. ‘ಬಿಗ್ ಸಲ್ಯೂಟ್’ ಎಂದರೆ ಇಂಗ್ಲಿಷ್ ಓದುಗ ಮೆಚ್ಚುಗೆ ಎಂದೇ ತಿಳಿಯಬಹುದು. ‘ಥ್ಯಾಂಕ್ಸ್ ಫಾರ್ ದಿ ಸರ್ವಿಸ್, ನೆವರ್ ಅಗೇನ್’ ಎಂದರೆ ಮೇಲಿನ ನಯ, ಒಳಗಿನ ಕೋಪ ಎರಡೂ ಸಿಗುತ್ತವೆ.

ಹಾಗಾದರೆ ಇಡೀ ವಿಮರ್ಶೆಗೆ ಯಾವ ಹಣೆಪಟ್ಟಿ? ಯಾವುದರ ಬಗ್ಗೆ ಹೇಳಿದ್ದು ಎಂದು ಬಿಡಿಸಿ ಬರೆಯುವುದು ಒಳ್ಳೆಯದು: ಸೇವೆಯ ಬಗ್ಗೆ ವ್ಯಂಗ್ಯದ ದೂರು, ವಸ್ತುವಿನ ಬಗ್ಗೆ ಹೊಗಳಿಕೆ. ಒಂದನ್ನೇ ಆರಿಸಬೇಕೆಂದರೆ ನಾನು ವ್ಯಂಗ್ಯ ಎನ್ನುತ್ತೇನೆ. ‘ದೂರು’ ಎಂದು ಗುರುತಿಸಿದರೆ ಮೊದಲ ಮತ್ತು ಕೊನೆಯ ವಾಕ್ಯ ಓದಿದವರು ಗೊಂದಲಕ್ಕೆ ಬೀಳುತ್ತಾರೆ.

ಬರೀ ‘ಎಂಥಾ ಫಾಸ್ಟ್ ಡೆಲಿವರಿ!’ ಎಂಬ ಒಂದೇ ಸಾಲು ಇದ್ದರೆ ಈ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಒಂದು ಸ್ಟಾರ್ ಕೊಟ್ಟಿದ್ದರೆ ಅದೊಂದು ಸುಳಿವು. ಅದೂ ಇಲ್ಲದಿದ್ದರೆ ಹೊಗಳಿಕೆ ಎಂದೇ ಬರೆದು, ಪಕ್ಕದಲ್ಲಿ ‘ಸಂದರ್ಭ ಸಾಲದು’ ಎಂದು ಗುರುತು ಹಾಕಿ.